ತಿಂಗಳಿಗೆ ಮೂರು ಮಿಲಿಮೀಟರ್

ತಿಂಗಳಿಗೆ ತೋಳು ಒಂದು ಇಂಚು ದಪ್ಪವಾಗಬೇಕು ಎಂಬ ನಿರೀಕ್ಷೆ ಇಟ್ಟುಕೊಂಡು ಜಿಮ್ ಸೇರುವವರು ಎಲ್ಲ ಊರಲ್ಲೂ ಇದ್ದಾರೆ, ಹೈದರಾಬಾದಿನ ಪಕ್ಕದ ಶಂಶಾಬಾದಿನಲ್ಲೂ ಇದ್ದಾರೆ. 2008ರಲ್ಲಿ ವಿಮಾನ ನಿಲ್ದಾಣ ಬಂದಮೇಲೆ ಇಲ್ಲಿ ಕಾರ್ಗೋ, ಗೋದಾಮು, ಹೋಟೆಲು, ಕ್ಯಾಬು ಎಂದು ಪಾಳಿ ಲೆಕ್ಕದಲ್ಲಿ ದುಡಿಯುವ ಹುಡುಗರ ಊರೇ ಬೆಳೆದಿದೆ. ಬೀದರ್, ಕಲಬುರಗಿ, ಯಾದಗಿರಿ ಕಡೆಯವರೂ ಅವರಲ್ಲಿ ಇದ್ದಾರೆ. ಸಂಬಳದಲ್ಲಿ ಉಳಿಸಿದ ಹಣವನ್ನು ಜಿಮ್ ಫೀಸಿಗೂ ಮೊಟ್ಟೆಗೂ ಪ್ರೋಟೀನ್ ಡಬ್ಬಿಗೂ ಹಾಕುವ ಈ ಹುಡುಗರಿಗೆ ಒಂದು ಇಂಚು ಎಂದರೆ ಎಷ್ಟು ಮಾಂಸ ಎಂಬುದನ್ನು ಯಾರಾದರೂ ಲೆಕ್ಕ ಹಾಕಿ ತೋರಿಸಬೇಕು. ಈ ವಾರ ಅದನ್ನೇ ಮಾಡುತ್ತೇನೆ.

62 ಕೆಜಿ ತೂಕದ ಒಬ್ಬ ಹುಡುಗನನ್ನು ಇಟ್ಟುಕೊಳ್ಳೋಣ. ಇದು ಲೆಕ್ಕಕ್ಕಾಗಿ ಕಟ್ಟಿಕೊಂಡ ಮಾದರಿ. ತೋಳನ್ನು ಸಡಿಲ ಬಿಟ್ಟಾಗ ಅದರ ಸುತ್ತಳತೆ 30 ಸೆಂ.ಮೀ. ತೋಳಿನ ಹಿಂಭಾಗದ ಚರ್ಮವನ್ನು ಎರಡು ಬೆರಳಲ್ಲಿ ಮಡಚಿ ಹಿಡಿದರೆ ಆ ಮಡಿಕೆಯ ದಪ್ಪ 10 ಮಿ.ಮೀ. ಈ ಮಡಿಕೆ ಎಂದರೆ ಚರ್ಮವೂ ಅದರಡಿಯ ಕೊಬ್ಬೂ. ಮಡಿಕೆಯ ದಪ್ಪವನ್ನು 3.14ರಿಂದ ಗುಣಿಸಿ ಸುತ್ತಳತೆಯಿಂದ ಕಳೆದರೆ ಕೊಬ್ಬಿನ ಒಳಗಿರುವ ತೋಳಿನ ಸುತ್ತಳತೆ ಸಿಗುತ್ತದೆ. ನಮ್ಮ ಹುಡುಗನದು 26.86 ಸೆಂ.ಮೀ. ಅದನ್ನು ವರ್ಗ ಮಾಡಿ 12.57ರಿಂದ ಭಾಗಿಸಿದರೆ ತೋಳನ್ನು ಅಡ್ಡಡ್ಡ ಕೊಯ್ದಂತೆ ನೋಡಿದಾಗ ಕಾಣುವ ವಿಸ್ತೀರ್ಣ ಬರುತ್ತದೆ: 57.4 ಚದರ ಸೆಂ.ಮೀ. ಗಂಡಸರಲ್ಲಿ ಮೂಳೆ, ನರ, ರಕ್ತನಾಳಗಳಿಗೆಂದು ಅದರಲ್ಲಿ 10 ತೆಗೆಯುವುದು ರೂಢಿ. ಉಳಿದ 47.4 ಚದರ ಸೆಂ.ಮೀ. ಅವನ ತೋಳಿನ ಸ್ನಾಯು.

ಈಗ ಕೊಬ್ಬು ಅಷ್ಟೇ ಇದ್ದು ಟೇಪಿನಲ್ಲಿ ಒಂದು ಇಂಚು, ಅಂದರೆ 2.54 ಸೆಂ.ಮೀ. ಹೆಚ್ಚಿತು ಎನ್ನಿ. ಅದೇ ಲೆಕ್ಕ ಮತ್ತೆ ಹಾಕಿದರೆ ಸ್ನಾಯುವಿನ ವಿಸ್ತೀರ್ಣ 58.8ಕ್ಕೆ ಏರಿರಬೇಕು. ಮೊದಲಿದ್ದುದಕ್ಕಿಂತ ಶೇ. 24ರಷ್ಟು ಹೆಚ್ಚು. ಒಂದು ಇಂಚು ಕೇಳಲು ಚಿಕ್ಕದು. ಆದರೆ ತೋಳಿನ ಮಾಂಸದ ಕಾಲು ಭಾಗದಷ್ಟು ಹೊಸ ಮಾಂಸ ಮೂವತ್ತು ದಿನದಲ್ಲಿ ಹುಟ್ಟಬೇಕು ಎಂದರೆ ಕೇಳಿಕೆಯ ಗಾತ್ರ ತಿಳಿಯುತ್ತದೆ.

ನಿಜವಾಗಿ ಎಷ್ಟು ಹುಟ್ಟುತ್ತದೆ? ಇದಕ್ಕೆ ಒಳ್ಳೆಯ ಉತ್ತರ ಕೊಟ್ಟದ್ದು 2005ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ. ಮೋನಿಕಾ ಹುಬಲ್ ಮತ್ತು ಸಂಗಡಿಗರು ಅಭ್ಯಾಸವಿಲ್ಲದ 585 ಜನ ಗಂಡಸರು ಹೆಂಗಸರಿಂದ 12 ವಾರ ಒಂದೇ ತೋಳಿಗೆ ಭಾರದ ವ್ಯಾಯಾಮ ಮಾಡಿಸಿದರು. ಎಡಗೈಯೋ ಬಲಗೈಯೋ, ಯಾವುದನ್ನು ಕಡಿಮೆ ಬಳಸುತ್ತಾರೋ ಆ ಕೈ. ಮೊದಲೂ ಕೊನೆಯಲ್ಲೂ ಎಂಆರ್‌ಐ ಯಂತ್ರದಲ್ಲಿ ಬೈಸೆಪ್ಸ್‌ನ ಅಡ್ಡಕೊಯ್ತದ ವಿಸ್ತೀರ್ಣ ಅಳೆದರು. ಸರಾಸರಿ ಹೆಚ್ಚಳ ಶೇ. 19ರ ಆಸುಪಾಸು. ಗಂಡಸರದು ಸುಮಾರು 20, ಹೆಂಗಸರದು ಸುಮಾರು 18. ಶೇಕಡಾ ಲೆಕ್ಕದಲ್ಲಿ ಇಬ್ಬರ ನಡುವೆ ಹೆಚ್ಚು ಅಂತರವಿಲ್ಲ. ಆದರೆ ಒಬ್ಬೊಬ್ಬರ ನಡುವಿನ ಅಂತರ ಬೆರಗು ಹುಟ್ಟಿಸುವಂಥದು. ಕೆಲವರಲ್ಲಿ ಏನೂ ಬೆಳೆಯಲಿಲ್ಲ, ಒಂದೆರಡು ಶೇಕಡಾ ಇಳಿದದ್ದೂ ಉಂಟು. ಇನ್ನೊಂದು ತುದಿಯಲ್ಲಿ ಶೇ. 59 ಬೆಳೆದವರಿದ್ದರು. ಎಲ್ಲರೂ ಮಾಡಿದ್ದು ಒಂದೇ ವ್ಯಾಯಾಮ.

ಸರಾಸರಿಯ ಈ ಹತ್ತೊಂಬತ್ತು ಶೇಕಡಾ ಟೇಪಿಗೆ ಎಷ್ಟಾಗುತ್ತದೆ ನೋಡಿ. ತೋಳಿನ ಸ್ನಾಯುವಿನಲ್ಲಿ ಮುಂಭಾಗದ ಪಾಲು ಸುಮಾರು ನಲವತ್ತು ಶೇಕಡಾ; ದೊಡ್ಡ ಪಾಲು ಹಿಂಭಾಗದ ಟ್ರೈಸೆಪ್ಸ್‌ನದು. ನಮ್ಮ ಮಾದರಿ ಹುಡುಗನ ತೋಳಿನ ಮುಂಭಾಗ ಮಾತ್ರ ಇಷ್ಟು ಬೆಳೆದರೆ 12 ವಾರದ ಕೊನೆಗೆ ಟೇಪು ತೋರಿಸುವುದು 8 ಮಿ.ಮೀ. ಹೆಚ್ಚಳ. ಮುಂದೆ ಹಿಂದೆ ಎರಡೂ ಅಷ್ಟೇ ಬೆಳೆದರೆ 2 ಸೆಂ.ಮೀ. ಅಂದರೆ ಎಲ್ಲವೂ ಚೆನ್ನಾಗಿ ನಡೆದ ಹೊಸಬನಿಗೂ ಒಂದು ಇಂಚಿಗೆ ಮೂರು ತಿಂಗಳು ಸಾಲದು. ಕನ್ನಡಿಯ ಮುಂದೆ ಬೈಸೆಪ್ಸ್ ಕರ್ಲ್ ಒಂದನ್ನೇ ಮಾಡುತ್ತ ನಿಲ್ಲುವವರು ತೋಳಿನ ದಪ್ಪದ ಹೆಚ್ಚಿನ ಪಾಲು ಬೆನ್ನ ಕಡೆಗಿದೆ ಎಂಬುದನ್ನು ಮರೆತಿರುತ್ತಾರೆ.

ಹುಬಲ್ ಅಧ್ಯಯನ ಒಂದು ತೋಳಿನದು. ಇಡೀ ದೇಹಕ್ಕೆ ತಿಂಗಳಿಗೆ ಎಷ್ಟು ಕೆಜಿ ಸ್ನಾಯು ಎಂದು ಕೇಳಿದರೆ ಜಿಮ್ ಲೋಕದಲ್ಲಿ ಎರಡು ಅಂದಾಜುಗಳು ಹೆಚ್ಚು ಓಡುತ್ತವೆ. ಅಮೆರಿಕದ ಅಲನ್ ಅರಗಾನ್ ಹೇಳುವುದು ದೇಹತೂಕದ ಲೆಕ್ಕ: ಹೊಸಬರಿಗೆ ತಿಂಗಳಿಗೆ ತೂಕದ ಶೇ. 1ರಿಂದ 1.5, ಒಂದೆರಡು ವರ್ಷ ಪಳಗಿದವರಿಗೆ ಅರ್ಧದಿಂದ ಒಂದು, ಹಳಬರಿಗೆ ಕಾಲಿನಿಂದ ಅರ್ಧ. ಲೈಲ್ ಮೆಕ್‌ಡೊನಾಲ್ಡ್ ಎಂಬವರದು ವರ್ಷದ ಲೆಕ್ಕ: ಸರಿಯಾಗಿ ಅಭ್ಯಾಸ ಮಾಡಿದ ಮೊದಲ ವರ್ಷ 9ರಿಂದ 11 ಕೆಜಿ, ಎರಡನೇ ವರ್ಷ ಅದರ ಅರ್ಧ, ಮೂರನೇ ವರ್ಷ ಅದರರ್ಧ, ಆಮೇಲೆ ವರ್ಷಕ್ಕೆ ಸುಮಾರು ಒಂದು ಕೆಜಿ. ಎರಡೂ ಅನುಭವಸ್ಥರ ಅಂದಾಜುಗಳೇ ಹೊರತು ಪ್ರಯೋಗದ ಫಲಿತಾಂಶಗಳಲ್ಲ. ಒಳ್ಳೆಯ ಊಟ, ನಿದ್ದೆ, ತಪ್ಪದ ಅಭ್ಯಾಸ ಇದ್ದವರನ್ನು ನೋಡಿ ಹೇಳಿದವು.

ಪ್ರಯೋಗಗಳು ಇಷ್ಟು ಉದಾರವಾಗಿಲ್ಲ. ಆರೋಗ್ಯವಂತ ಗಂಡಸರ ಮೇಲೆ ನಡೆದ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ಭಾರದ ವ್ಯಾಯಾಮದಿಂದ ಬಂದ ಸ್ನಾಯು ಸರಾಸರಿ ಒಂದೂವರೆ ಕೆಜಿ, ಅದೂ ಒಂದು ತಿಂಗಳಿನದಲ್ಲ, ಹಲವು ವಾರಗಳ ಇಡೀ ಪ್ರಯೋಗದ್ದು. ಹಾಗಾಗಿ ಅರಗಾನ್ ಮತ್ತು ಮೆಕ್‌ಡೊನಾಲ್ಡ್ ಕೊಡುವ ಸಂಖ್ಯೆಗಳನ್ನು ನಾನು ಮೇಲಿನ ಗೆರೆ ಎಂದೇ ಓದುತ್ತೇನೆ. ರಾತ್ರಿ ಪಾಳಿ ಮಾಡಿ ಹಗಲಲ್ಲಿ ಅರೆನಿದ್ದೆ ಮಾಡುವ ಹುಡುಗ ಅದರ ಅರ್ಧ ಮುಟ್ಟಿದರೂ ಅವನ ಅಭ್ಯಾಸ ಸರಿಯಾಗಿ ನಡೆದಿದೆ ಎಂದೇ ಅರ್ಥ.

ಕೆಜಿಯನ್ನು ಟೇಪಿಗೆ ತರೋಣ. 62 ಕೆಜಿಯ ಹೊಸಬನಿಗೆ ಮೇಲಿನ ಗೆರೆಯ ಪ್ರಕಾರ ತಿಂಗಳಿಗೆ 600ರಿಂದ 900 ಗ್ರಾಂ. ಮೈಯಲ್ಲಿ ಸುಮಾರು 25 ಕೆಜಿ ಸ್ನಾಯು ಇರುವವನಿಗೆ 700 ಗ್ರಾಂ ಎಂದರೆ ಶೇ. 3ಕ್ಕೆ ಸ್ವಲ್ಪ ಕಡಿಮೆ. ತೋಳೂ ಅದೇ ಪ್ರಮಾಣದಲ್ಲಿ ಬೆಳೆದರೆ ಟೇಪಿನಲ್ಲಿ 3 ಮಿ.ಮೀ. ತೋಳಿಗೆ ಹೆಚ್ಚು ಒತ್ತು ಕೊಟ್ಟವನಿಗೆ 4 ಅಥವಾ 5. ಇನ್ನು ಐದಾರು ವರ್ಷ ಭಾರ ಎತ್ತಿದ, 76 ಕೆಜಿ ತೂಗುವ, 37 ಸೆಂ.ಮೀ. ತೋಳಿನವನಿಗೆ ತಿಂಗಳಿಗೆ 200 ಗ್ರಾಂ ಸ್ನಾಯು ಬಂದರೆ ತೋಳಿನ ಮೇಲೆ ಅದು ಸುಮಾರು 1 ಮಿ.ಮೀ. ಆರು ತಿಂಗಳು ಬಿಡದೆ ಮಾಡಿದರೆ 6 ಮಿ.ಮೀ.

ಹೊಸಬನಿಗೆ ಸಿಗುವುದು ಹಳಬನಿಗೆ ಯಾಕೆ ಸಿಗುವುದಿಲ್ಲ? ವ್ಯಾಯಾಮ ಮಾಡಿದ ಸ್ನಾಯು ಮುಂದಿನ ಒಂದೆರಡು ದಿನ ಹೆಚ್ಚು ಪ್ರೋಟೀನ್ ಕಟ್ಟಿಕೊಳ್ಳುತ್ತದೆ. ಅಭ್ಯಾಸವಿಲ್ಲದ ದೇಹದಲ್ಲಿ ಈ ಏರಿಕೆ ದೊಡ್ಡದು, ಹೆಚ್ಚು ಹೊತ್ತು ಇರುತ್ತದೆ. ಅಭ್ಯಾಸ ಬಲಿತಂತೆ ಅದೇ ಭಾರಕ್ಕೆ ಏರಿಕೆ ಸಣ್ಣದಾಗಿ ಬೇಗ ಇಳಿಯುತ್ತದೆ. ಜೊತೆಗೆ ಬೆಳೆಯಬಲ್ಲ ಪಾಲಿನ ಬಹುಭಾಗ ಆಗಲೇ ಬೆಳೆದಿರುತ್ತದೆ. 1992ರಲ್ಲಿ ಸ್ಟೀಫನ್ ಆಲ್ವೇ ಮತ್ತು ಸಂಗಡಿಗರು ಸ್ಪರ್ಧೆಗಿಳಿಯುವ ಮಟ್ಟದ ದೇಹದಾರ್ಢ್ಯ ಪಟುಗಳನ್ನು 24 ವಾರ ಗಮನಿಸಿದರು. ಅಷ್ಟು ವಾರ ಕಷ್ಟಪಟ್ಟರೂ ಅವರ ಬೈಸೆಪ್ಸ್‌ನಲ್ಲಿ ಲೆಕ್ಕಕ್ಕೆ ಸಿಗುವಂಥ ಬೆಳವಣಿಗೆ ಕಾಣಲಿಲ್ಲ. ಅವರು ಸೋಮಾರಿಗಳಾಗಿರಲಿಲ್ಲ, ತಮ್ಮ ದೇಹದ ಮಿತಿಯ ಹತ್ತಿರ ಬಂದಿದ್ದರು.

ಒಂದು ಮಿಲಿಮೀಟರ್, ಮೂರು ಮಿಲಿಮೀಟರ್ ಎಂದು ಹೇಳುವುದು ಸುಲಭ. ಟೇಪು ಅದನ್ನು ಹಿಡಿಯಬಲ್ಲದೇ ಎಂಬುದು ಬೇರೆ ಪ್ರಶ್ನೆ, ಮತ್ತು ಈ ವಿಷಯದಲ್ಲಿ ಹೈದರಾಬಾದಿಗೆ ಹೇಳಿಕೊಳ್ಳುವಂಥ ಅನುಭವವಿದೆ. ನಗರದ ತಾರ್ನಾಕಾದಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಶುರುಮಾಡಿದ ಸಣ್ಣ ಘಟಕದಿಂದ ಬೆಳೆದು 1958ರಲ್ಲಿ ಇಲ್ಲಿಗೆ ಬಂತು. 1972ರಿಂದ ಅದರ ರಾಷ್ಟ್ರೀಯ ಪೋಷಣಾ ಪರಿವೀಕ್ಷಣಾ ಬ್ಯೂರೋ ರಾಜ್ಯ ರಾಜ್ಯಗಳ ಹಳ್ಳಿಗಳಲ್ಲಿ ಜನರ ಎತ್ತರ, ತೂಕ, ತೋಳಿನ ಸುತ್ತಳತೆ, ಚರ್ಮದ ಮಡಿಕೆ ಅಳೆಯಿತು. ಸೊರಗಿದ ಮಗುವನ್ನು ಗುರುತಿಸಲು ಅಂಗನವಾಡಿಯಲ್ಲಿ ತೋಳಿಗೆ ಸುತ್ತುವ ಪಟ್ಟಿಯೂ ಇದೇ ಅಳತೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಸುತ್ತಳತೆಯಿಂದ ಮಡಿಕೆಯನ್ನು ಕಳೆಯುವ, ಮೇಲೆ ನಾನು ಬಳಸಿದ ಲೆಕ್ಕ ಹುಟ್ಟಿದ್ದು ಜಿಮ್‌ನಲ್ಲಿ ಅಲ್ಲ. ಹಸಿದವರ ಮೈಯಲ್ಲಿ ಎಷ್ಟು ಮಾಂಸ ಉಳಿದಿದೆ ಎಂದು ತಿಳಿಯಲು ಪೋಷಣಾ ವಿಜ್ಞಾನಿಗಳು, ಮುಖ್ಯವಾಗಿ ಡೆರಿಕ್ ಜೆಲಿಫ್, 1960ರ ದಶಕದಲ್ಲಿ ಬಳಕೆಗೆ ತಂದದ್ದು. ಮಾಂಸ ಕರಗಿದ್ದನ್ನು ಹಿಡಿಯುವ ಅಳತೆಗೆ ಮಾಂಸ ಕಟ್ಟಿದ್ದನ್ನು ಹಿಡಿಯಲೂ ಬರುತ್ತದೆ.

ಈ ಅಳತೆಗಾರರ ಶಿಸ್ತನ್ನು ಜಿಮ್‌ಗೆ ತರಬೇಕು. ಅವರು ತೋಳಿನ ದಪ್ಪ ಎಲ್ಲಿ ಕಾಣುತ್ತದೋ ಅಲ್ಲಿ ಟೇಪು ಸುತ್ತುವುದಿಲ್ಲ. ಮೊಣಕೈ ಮಡಚಿಸಿ, ಭುಜದ ತುದಿಯ ಮೂಳೆಯಿಂದ ಮೊಣಕೈ ತುದಿಯವರೆಗೆ ಅಳೆದು, ಸರಿಯಾಗಿ ನಡುವೆ ಪೆನ್ನಿನಿಂದ ಗುರುತು ಹಾಕುತ್ತಾರೆ. ಆಮೇಲೆ ಕೈಯನ್ನು ಸಡಿಲವಾಗಿ ಇಳಿಬಿಡಿಸಿ, ಆ ಗುರುತಿನ ಮೇಲೆ ಟೇಪು ಚರ್ಮಕ್ಕೆ ತಾಗುವಂತೆ, ಆದರೆ ಒತ್ತದಂತೆ ಸುತ್ತುತ್ತಾರೆ. ದರ್ಜಿಯ ಬಟ್ಟೆ ಟೇಪು ವರ್ಷ ಕಳೆದಂತೆ ಎಳೆದು ಉದ್ದವಾಗುತ್ತದೆ, ಅದು ಬೇಡ. ತೆಳು ಉಕ್ಕಿನದೋ ಎಳೆದರೆ ಹಿಗ್ಗದ ಫೈಬರ್‌ನದೋ ಬೇಕು. ಕೈ ಬಿಗಿದು ಅಳೆಯುವುದು ಬೇರೆಯೇ ಅಳತೆ; ಇವತ್ತು ಸಡಿಲ, ಮುಂದಿನ ತಿಂಗಳು ಬಿಗಿ ಎಂದು ಅಳೆದರೆ ಇಲ್ಲದ ಬೆಳವಣಿಗೆ ಕಾಣುತ್ತದೆ. ಮೂರು ಸಲ ಅಳೆದು ನಡುವಿನ ಸಂಖ್ಯೆ ಬರೆದುಕೊಳ್ಳಬೇಕು. ಪ್ರತಿ ಸಲವೂ ಒಬ್ಬರೇ ಅಳೆಯಬೇಕು.

ಇಷ್ಟೆಲ್ಲ ಮಾಡಿದರೂ ಪಳಗಿದ ಅಳತೆಗಾರನ ಎರಡು ಅಳತೆಗಳ ನಡುವೆ ಒಂದು ಶೇಕಡಾದಷ್ಟು ವ್ಯತ್ಯಾಸ ಸಹಜ. 30 ಸೆಂ.ಮೀ. ತೋಳಿಗೆ ಅದು 3 ಮಿ.ಮೀ. ಹೊಸಬನ ಇಡೀ ತಿಂಗಳ ಬೆಳವಣಿಗೆಯೂ ಅಷ್ಟೇ! ಹಳಬನದಂತೂ ಅದರ ಮೂರರಲ್ಲಿ ಒಂದು ಪಾಲು. ಆದ್ದರಿಂದ ವಾರ ವಾರ ಟೇಪು ಹಿಡಿಯುವುದರಲ್ಲಿ ಅರ್ಥವಿಲ್ಲ. ತಿಂಗಳಿಗೊಮ್ಮೆ ಬರೆದಿಟ್ಟುಕೊಂಡರೂ ತೀರ್ಮಾನಕ್ಕೆ ಹೊಸಬ ಮೂರು ತಿಂಗಳು ಕಾಯಬೇಕು, ಹಳಬ ಆರು ತಿಂಗಳು. ತಿಂಗಳ ಹೆಚ್ಚಳ ಎಂಬುದು ಹೀಗೆ ದೂರದ ಎರಡು ಅಳತೆಗಳ ನಡುವಿನ ಅಂತರವನ್ನು ಭಾಗಿಸಿ ಪಡೆಯುವ ಸಂಖ್ಯೆ.

ಈಗ ನಮ್ಮ ಮಾದರಿ ಹುಡುಗನ ಮೂರು ತಿಂಗಳ ಪುಸ್ತಕ ತೆರೆಯೋಣ. ತೂಕ 62ರಿಂದ 65 ಕೆಜಿ. ತೋಳು 30ರಿಂದ 31.6 ಸೆಂ.ಮೀ. ಹೊಕ್ಕುಳ ಮಟ್ಟದಲ್ಲಿ ಸೊಂಟ 78ರಿಂದ 82. ಟೇಪು ಮಾತ್ರ ನೋಡಿದರೆ ತಿಂಗಳಿಗೆ 5 ಮಿ.ಮೀ.ಗಿಂತ ಹೆಚ್ಚು, ಬಹಳ ಚೆನ್ನಾಯಿತು ಎನ್ನಬೇಕು. ಆದರೆ ಚರ್ಮದ ಮಡಿಕೆ 10ರಿಂದ 13 ಮಿ.ಮೀ.ಗೆ ಏರಿದೆ. ಹದಿಮೂರನ್ನು 3.14ರಿಂದ ಗುಣಿಸಿ ಕಳೆದರೆ ಒಳಗಿನ ತೋಳು 27.52 ಸೆಂ.ಮೀ.; ಮೊದಲು 26.86 ಇತ್ತು. ಹೆಚ್ಚಿದ 16 ಮಿ.ಮೀ.ಯಲ್ಲಿ ಸ್ನಾಯುವಿನದು ಸುಮಾರು 7, ಕೊಬ್ಬಿನದು 9. ವಿಸ್ತೀರ್ಣದಲ್ಲಿ ಹೇಳಿದರೆ ಸ್ನಾಯು 47.4ರಿಂದ 50.3ಕ್ಕೆ ಬಂದಿದೆ, ಶೇ. 6. ಇಡೀ ದೇಹವೂ ಹೀಗೇ ಬೆಳೆದಿದೆ ಎಂದುಕೊಂಡರೆ 25 ಕೆಜಿಗೆ ಒಂದೂವರೆ ಕೆಜಿ ಸ್ನಾಯು ಸೇರಿದೆ. ಹೆಚ್ಚಿದ ಮೂರು ಕೆಜಿ ತೂಕದಲ್ಲಿ ಅರ್ಧ ಮಾತ್ರ ಅವನು ಬಯಸಿದ್ದು.

ಮಡಿಕೆಯ ಒಂದು ಮಿ.ಮೀ. ಹೆಚ್ಚಳ ಟೇಪಿನಲ್ಲಿ 3 ಮಿ.ಮೀ. ಆಗಿ ಕಾಣುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಡೀ ಮೋಸ ಇಲ್ಲೇ ಅಡಗಿದೆ. ಕಣ್ಣಿಗೆ ಗೊತ್ತೇ ಆಗದ ಅಷ್ಟು ಕೊಬ್ಬು ಒಂದು ತಿಂಗಳ ಸ್ನಾಯುವಿನಷ್ಟೇ ಟೇಪನ್ನು ಸರಿಸುತ್ತದೆ. ಕ್ಯಾಲಿಪರ್ ಇಲ್ಲದವರಿಗೆ ಸೊಂಟದ ಅಳತೆ ಸಾಕ್ಷಿ. ತೋಳು ಒಂದು ಸೆಂ.ಮೀ. ಏರಿ ಸೊಂಟ ನಿಂತಲ್ಲೇ ಇದ್ದರೆ ಬಹುಪಾಲು ಸ್ನಾಯು. ಸೊಂಟ ತೋಳಿಗಿಂತ ಎರಡು ಮೂರು ಪಟ್ಟು ಏರಿದ್ದರೆ ಊಟ ಹೆಚ್ಚಾಗಿದೆ. ಈ ಲೆಕ್ಕಕ್ಕೂ ಒಂದು ಮಿತಿ ಇದೆ: ತೋಳು ಸರಿಯಾದ ದುಂಡಗಿದೆ, ಕೊಬ್ಬು ಸುತ್ತಲೂ ಒಂದೇ ದಪ್ಪವಿದೆ ಎಂದು ಅದು ನಂಬುತ್ತದೆ. ತೋಳಿನ ಮುಂದೆ ಕೊಬ್ಬು ತೆಳುವಾಗಿರುವುದರಿಂದ ಕೊಬ್ಬಿನ ಪಾಲನ್ನು ಸ್ವಲ್ಪ ಹೆಚ್ಚಾಗಿ ಕಳೆಯುತ್ತದೆ. ಒಬ್ಬನನ್ನು ಅವನ ಹಿಂದಿನ ಅಳತೆಯ ಜೊತೆಗೇ ಹೋಲಿಸುವಾಗ ಇದು ದೊಡ್ಡ ತೊಂದರೆಯಲ್ಲ. ಇಬ್ಬರ ತೋಳುಗಳನ್ನು ಹೋಲಿಸಲು ಹೊರಟರೆ ತೊಂದರೆಯೇ.

ಮೊದಲ ತಿಂಗಳ ಅಳತೆಯನ್ನಂತೂ ಯಾರೂ ನಂಬಬಾರದು. ಬ್ರೆಜಿಲ್‌ನ ಫೆಲಿಪೆ ಡಮಾಸ್ ಮತ್ತು ಸಂಗಡಿಗರು 2016ರಲ್ಲಿ ತೋರಿಸಿದಂತೆ, ಹೊಸಬರಲ್ಲಿ ಮೊದಲ ಮೂರು ವಾರಕ್ಕೆ ಸ್ನಾಯು ದಪ್ಪವಾದಂತೆ ಕಾಣುವುದು ಬಹುಮಟ್ಟಿಗೆ ಊತ. ಅಭ್ಯಾಸವಿಲ್ಲದ ಸ್ನಾಯುವಿಗೆ ಪೆಟ್ಟಾಗಿ ನೀರು ತುಂಬಿರುತ್ತದೆ. ಹತ್ತನೇ ವಾರದ ಹೊತ್ತಿಗೆ ಊತ ಇಳಿದು, ಆಗ ಉಳಿಯುವುದು ನಿಜವಾದ ಬೆಳವಣಿಗೆ. ಕ್ರಿಯಾಟಿನ್ ಶುರು ಮಾಡಿದವರ ತೂಕ ಮೊದಲ ವಾರ ಎರಡು ವಾರದಲ್ಲಿ ಒಂದು ಕೆಜಿಯಷ್ಟು ಏರಬಹುದು, ಅದೂ ನೀರೇ. ವ್ಯಾಯಾಮ ಮುಗಿದ ಕೂಡಲೇ ರಕ್ತ ತುಂಬಿ ಉಬ್ಬಿದ ತೋಳನ್ನು, ಜಿಮ್ ಹುಡುಗರು ಪಂಪ್ ಎನ್ನುತ್ತಾರಲ್ಲ, ಅದನ್ನು ಅಳೆದು ಬರೆದುಕೊಂಡ ಸಂಖ್ಯೆಗೆ ಬೆಲೆ ಇಲ್ಲ. ಎದ್ದು, ಶೌಚ ಮುಗಿಸಿ, ಏನೂ ತಿನ್ನುವ ಮೊದಲು ಅಳೆಯುವುದು ಒಳ್ಳೆಯದು. ರಾತ್ರಿ ಪಾಳಿಯವರಿಗೆ ಗಡಿಯಾರದ ಬೆಳಗ್ಗೆ ಮುಖ್ಯವಲ್ಲ, ನಿದ್ದೆಯಿಂದ ಎದ್ದ ಹೊತ್ತು ಮುಖ್ಯ. ಪಾಳಿ ಬದಲಾದ ವಾರ ಅಳತೆ ಬಿಟ್ಟುಬಿಡಲಿ.

ಇಷ್ಟು ನಿಧಾನವೇ ಎಂದು ಬೇಸತ್ತವನ ಮುಂದೆ ಸಿರಿಂಜು ಹಿಡಿದು ನಿಲ್ಲುವವರು ಇರುತ್ತಾರೆ. ಅದಕ್ಕೇ ಇನ್ನೊಂದು ಅಳತೆಯನ್ನು ಗೊತ್ತುಮಾಡಿಕೊಂಡಿರಬೇಕು. ಅಮೆರಿಕದಲ್ಲಿ ಶಾಲೆಂದರ್ ಭಾಸಿನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಭಾರ ಎತ್ತಿ ಅನುಭವವಿದ್ದ 43 ಗಂಡಸರನ್ನು ನಾಲ್ಕು ಗುಂಪು ಮಾಡಿದ್ದರು. ಹತ್ತು ವಾರ ವ್ಯಾಯಾಮ ಮಾತ್ರ ಮಾಡಿದವರಿಗೆ ಕೊಬ್ಬಲ್ಲದ ತೂಕ ಸುಮಾರು 2 ಕೆಜಿ ಹೆಚ್ಚಿತು. ವಾರಕ್ಕೆ 600 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಂಡು ವ್ಯಾಯಾಮವನ್ನೂ ಮಾಡಿದವರಿಗೆ 6 ಕೆಜಿ. ವ್ಯಾಯಾಮವನ್ನೇ ಮಾಡದೆ ಚುಚ್ಚಿಸಿಕೊಂಡವರಿಗೂ 3 ಕೆಜಿ ಬಂತು, ಬೆವರು ಸುರಿಸಿದವರಿಗಿಂತ ಹೆಚ್ಚು. ಹಾಗಾಗಿ ಐದು ವರ್ಷ ಹಳಬನೊಬ್ಬ ಎರಡೇ ತಿಂಗಳಲ್ಲಿ ಸೊಂಟ ಏರದೆ ತೋಳಿಗೆ ಎರಡು ಸೆಂ.ಮೀ. ಸೇರಿಸಿಕೊಂಡೆ ಎಂದರೆ, ಅವನ ಡಯಟ್ ಚಾರ್ಟ್ ಕೇಳಿ ಬರೆದುಕೊಳ್ಳುವುದರಿಂದ ಯಾರಿಗೂ ಅದು ಸಿಗುವುದಿಲ್ಲ. ಮದ್ದು ಸೇರದ ಲೆಕ್ಕದೊಳಗೆ ಆ ಸಂಖ್ಯೆ ಕೂರುವುದಿಲ್ಲ. ಒಂದೇ ಹೊರತು ಇದೆ: ಹಿಂದೆ ದೊಡ್ಡದಾಗಿದ್ದು ಕಾಯಿಲೆಗೋ ಕೆಲಸಕ್ಕೋ ತಿಂಗಳುಗಟ್ಟಲೆ ಬಿಟ್ಟು ಮರಳಿದವನು. ಕಳೆದುಕೊಂಡ ಸ್ನಾಯು ಮೊದಲ ಸಲ ಗಳಿಸಿದ್ದಕ್ಕಿಂತ ಬೇಗ ಮರಳುತ್ತದೆ. ಅವನು ತನ್ನ ಹಳೆಯ ಅಳತೆ ಮುಟ್ಟುವವರೆಗೆ ಹೊಸ ಗಳಿಕೆ ಶುರುವಾಗಿಲ್ಲ ಎಂದೇ ಲೆಕ್ಕ ಹಿಡಿಯಬೇಕು.

ಹಳಬನಿಗೆ ಟೇಪು ಆರು ತಿಂಗಳು ಏನೂ ಹೇಳದೆ ಕೂತಿರುವಾಗ ದಾರಿ ತೋರಿಸುವುದು ಎತ್ತಿದ ಭಾರದ ಪುಸ್ತಕ. ಹೊಸಬನ ಮೊದಲ ತಿಂಗಳುಗಳಲ್ಲಿ ಬಲ ಏರುವುದು ಹೆಚ್ಚಾಗಿ ನರಗಳು ಕೆಲಸ ಕಲಿತದ್ದರಿಂದ, ಅದರಿಂದ ಸ್ನಾಯುವಿನ ಅಂದಾಜು ಸಿಗದು. ಆದರೆ ವರ್ಷಗಳಿಂದ ಅದೇ ವ್ಯಾಯಾಮ ಮಾಡುತ್ತಿರುವವನು ಅದೇ ದೇಹತೂಕದಲ್ಲಿ, ಅದೇ ರೀತಿಯಲ್ಲಿ ಎತ್ತಿ, 40 ಕೆಜಿಗೆ ಎಂಟು ಸಲ ಎತ್ತುತ್ತಿದ್ದುದನ್ನು ಹತ್ತು ಸಲ ಎತ್ತಿದರೆ ಒಳಗೆ ಏನೋ ಸೇರಿದೆ. ಆರು ತಿಂಗಳು ಕಳೆದು ಭಾರವೂ ಏರದೆ, ಮಡಿಕೆ ಕಳೆದ ಸುತ್ತಳತೆಯೂ 3 ಮಿ.ಮೀ. ದಾಟದೆ ಇದ್ದರೆ ಆಗ ಬದಲಾವಣೆ ಬೇಕು. ಮೊದಲು ನೋಡಬೇಕಾದದ್ದು ತೂಕದ ಕಾಲಂ. ಅದು ಆರು ತಿಂಗಳಿಂದ ಅಲುಗಾಡಿಲ್ಲವಾದರೆ ದಿನಕ್ಕೆ ಒಂದು ಜೋಳದ ರೊಟ್ಟಿ, ಒಂದು ಬಟ್ಟಲು ತೊಗರಿಬೇಳೆ ಹೆಚ್ಚಿಸಿ, ಅದೇ ವ್ಯಾಯಾಮವನ್ನು ಇನ್ನೂ ಮೂರು ತಿಂಗಳು ಮುಂದುವರಿಸಿ, ಮತ್ತೆ ಅದೇ ಪೆನ್ನಿನ ಗುರುತಿನ ಮೇಲೆ ಅಳೆಯಬೇಕು.